ಕೆಲಸದ ಹೊರೆ ಮತ್ತು ಬರ್ನ್‌ಔಟ್: ಆಸ್ಪತ್ರೆಯ ಎಲ್ಲ ಸಿಬ್ಬಂದಿಗೆ ಹೆಸರಿಲ್ಲದ ಸಮೀಕ್ಷೆಯ ಆಹ್ವಾನ

ದಿನಾಂಕ: ನವೆಂಬರ್ 1, 2025

ಗೆ: ಜಿಲ್ಲಾ ಆಸ್ಪತ್ರೆಯ ವೈದ್ಯರು, ಶುಶ್ರೂಷಾಧಿಕಾರಿಗಳು, ಲ್ಯಾಬ್, ಎಕ್ಸ್‌ರೇ ಮತ್ತು ಫಾರ್ಮಸಿ ಸಿಬ್ಬಂದಿ, ಕಚೇರಿ ನೌಕರರು, ಡಿ ಗ್ರೂಪ್, ಸ್ವಚ್ಛತೆ, ಸೆಕ್ಯುರಿಟಿ ಮತ್ತು ಅಡುಗೆಮನೆಯ ಸಿಬ್ಬಂದಿ, ಇಂಟರ್ನಿಗಳು. ಕಾಯಂ, ಎನ್‌ಎಚ್‌ಎಂ ಗುತ್ತಿಗೆ, ಹೊರಗುತ್ತಿಗೆ ಎಂಬ ಭೇದವಿಲ್ಲ.

ಮಾನ್ಯರೇ,

ನವೆಂಬರ್ 3ರ ಸೋಮವಾರದಿಂದ 22ರ ಶನಿವಾರದವರೆಗೆ ನಮ್ಮ ಆಸ್ಪತ್ರೆಯಲ್ಲಿ ಕೆಲಸದ ಹೊರೆ ಮತ್ತು ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಬರುವ ತೀವ್ರ ದಣಿವು, ಇವುಗಳ ಬಗ್ಗೆ ಒಂದು ಸಮೀಕ್ಷೆ ನಡೆಯುತ್ತದೆ. ನೈಟ್ ಡ್ಯೂಟಿಯಲ್ಲಿರುವವರಿಗೂ ರಜೆಯ ಮೇಲೆ ಹೋದವರಿಗೂ ಅವಕಾಶ ತಪ್ಪಬಾರದೆಂದು ಮೂರು ವಾರ ಇಟ್ಟಿದ್ದೇವೆ. ತುಂಬಲು ಸುಮಾರು 12 ನಿಮಿಷ ಬೇಕು. ತುಂಬುವುದು, ಬಿಡುವುದು ಪೂರ್ತಿ ನಿಮ್ಮ ಇಷ್ಟ. ಯಾವ ಪ್ರಶ್ನೆಯನ್ನಾದರೂ ಖಾಲಿ ಬಿಡಬಹುದು.

ಇಂಥ ಸಮೀಕ್ಷೆ ಎಂದೊಡನೆ ಮೊದಲು ಹುಟ್ಟುವ ಅನುಮಾನ ಒಂದೇ: ಬರೆದವರು ಯಾರೆಂದು ಮೇಲಿನವರಿಗೆ ಗೊತ್ತಾಗುತ್ತದೆಯೇ? ಹಾಗಾಗಿ ಪ್ರಶ್ನೆಗಳ ವಿಷಯಕ್ಕೆ ಬರುವ ಮೊದಲು ಉತ್ತರಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಹೇಳುತ್ತೇವೆ.

ಹೆಸರು, ಮೊಬೈಲ್ ನಂಬರ್, ಕೆಜಿಐಡಿ ಅಥವಾ ಬಯೋಮೆಟ್ರಿಕ್ ನಂಬರ್, ವಯಸ್ಸು, ಲಿಂಗ, ಸೇವಾವಧಿ ಯಾವುದನ್ನೂ ಕೇಳಿಲ್ಲ. ವಯಸ್ಸು, ಸೇವಾವಧಿಯನ್ನು ಬೇಕೆಂದೇ ಬಿಟ್ಟಿದ್ದೇವೆ. ಕಣ್ಣಿನ ವಾರ್ಡು, ಪುರುಷ ಶುಶ್ರೂಷಾಧಿಕಾರಿ, 15 ವರ್ಷ ಸೇವೆ ಎಂದು ಮೂರು ಗುರುತು ಹಾಕಿದರೆ ಹೆಸರು ಬರೆದಂತೆಯೇ ಆಯಿತು. ನಿಮ್ಮ ಬಗ್ಗೆ ಕೇಳುವುದು ಎರಡೇ: ಯಾವ ಬಗೆಯ ಕೆಲಸ, ಯಾವ ಬಗೆಯ ವಿಭಾಗ. ವಿಭಾಗವೂ ‘ತುರ್ತು ಮತ್ತು ಐಸಿಯು’, ‘ವಾರ್ಡುಗಳು’, ‘ಹೊರರೋಗಿ ಮತ್ತು ಇತರೆ’ ಎಂಬ ಮೂರು ದೊಡ್ಡ ಗುಂಪುಗಳಲ್ಲಿದೆ. ಇವೆರಡನ್ನೂ ಖಾಲಿ ಬಿಟ್ಟರೂ ನಿಮ್ಮ ಉತ್ತರ ಲೆಕ್ಕಕ್ಕೆ ಸೇರುತ್ತದೆ.

ಉತ್ತರಗಳು ನಮ್ಮ ಆಸ್ಪತ್ರೆಯ ಯಾರ ಕೈಗೂ ಬರುವುದಿಲ್ಲ. ಪಕ್ಕದ ಜಿಲ್ಲೆಯ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗ ಇದನ್ನು ನಡೆಸುತ್ತಿದೆ. ಗೂಗಲ್ ಫಾರಂ ಅವರ ಖಾತೆಯಲ್ಲಿದೆ, ಕಾಗದದ ಫಾರಂಗಳ ಪೆಟ್ಟಿಗೆಯ ಬೀಗದ ಕೈಯೂ ಅವರಲ್ಲೇ. ಆ ಕಾಲೇಜಿನ ನೀತಿ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ, ಹೊರಗುತ್ತಿಗೆ ಏಜೆನ್ಸಿಗಳಿಗೆ ಬಿಡಿ ಉತ್ತರ ಸಿಗುವುದಿಲ್ಲ. ಏಜೆನ್ಸಿಗಳಿಗೆ ನಾವು ಯಾವ ವರದಿಯನ್ನೂ ಕಳಿಸುವುದಿಲ್ಲ. 10ಕ್ಕಿಂತ ಕಡಿಮೆ ಜನ ಉತ್ತರಿಸಿದ ಗುಂಪಿನ ಅಂಕಿಗಳನ್ನು ಬೇರೆಯಾಗಿ ತೋರಿಸದೆ ಮತ್ತೊಂದು ಗುಂಪಿನೊಳಗೆ ಸೇರಿಸುತ್ತಾರೆ.

ಮೊಬೈಲಿನಲ್ಲಿ ತುಂಬುವವರು ಕ್ಯಾಂಟೀನ್ ಮತ್ತು ಸ್ಟಾಫ್ ರೂಮುಗಳಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಎಲ್ಲರಿಗೂ ಅದೊಂದೇ ಕೋಡ್. ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಲಾಗಿದೆ. ಜಿಮೇಲ್ ಲಾಗಿನ್ ಕೇಳುವ ಪುಟ ತೆರೆದರೆ ಅದು ನಮ್ಮ ಫಾರಂ ಅಲ್ಲ, ಮುಚ್ಚಿಬಿಡಿ. ಲಾಗಿನ್ ಇಲ್ಲದ್ದರಿಂದ ಒಬ್ಬರೇ ಎರಡು ಸಲ ತುಂಬುವುದನ್ನು ತಡೆಯಲಾಗದು. ಅದನ್ನು ತಡೆಯಲು ಹೋದರೆ ಗುರುತು ಕೇಳಬೇಕಾಗುತ್ತದೆ, ಹೀಗಾಗಿ ಇದನ್ನು ನಿಮ್ಮ ಪ್ರಾಮಾಣಿಕತೆಗೇ ಬಿಟ್ಟಿದ್ದೇವೆ. ಇನ್ನೊಂದು ವಿಷಯ: ಫಾರಂ ಕಳಿಸಿದ ಸಮಯ ಗೂಗಲ್ ಶೀಟಿನಲ್ಲಿ ತಾನಾಗಿಯೇ ದಾಖಲಾಗುತ್ತದೆ. ವಿಶ್ಲೇಷಣೆಗೆ ಮುಂಚೆ ಆ ಕಾಲಂ ಅಳಿಸುತ್ತಾರೆ. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಮನೆಗೆ ಹೋದ ಮೇಲೆ ತುಂಬಿ. ನರ್ಸಿಂಗ್ ಸ್ಟೇಷನ್ನಿನ ಕಂಪ್ಯೂಟರ್ ಬಳಸಬೇಡಿ. ನಿಮ್ಮ ಉತ್ತರದ ಸ್ಕ್ರೀನ್‌ಶಾಟನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೂ ಬೇಡಿ.

ಕಾಗದವೇ ವಾಸಿ ಎನ್ನುವವರಿಗೆ ಕ್ಯಾಂಟೀನಿನ ಕೈತೊಳೆಯುವ ಜಾಗದ ಪಕ್ಕದಲ್ಲಿ ಫಾರಂಗಳನ್ನೂ ಪೆಟ್ಟಿಗೆಯನ್ನೂ ಇಟ್ಟಿದ್ದೇವೆ. ಅಲ್ಲಿ ಸಿಸಿಟಿವಿ ಇಲ್ಲ. ಫಾರಂಗಳ ಮೇಲೆ ಕ್ರಮಸಂಖ್ಯೆ ಇಲ್ಲ, ಸಿಬ್ಬಂದಿಯ ಸಂಖ್ಯೆಗಿಂತ ಹೆಚ್ಚು ಪ್ರತಿ ಹಾಕಿಸಿದ್ದೇವೆ. ಕೈಬರಹ ಗುರುತು ಹತ್ತೀತು ಎನಿಸಿದರೆ ಟಿಕ್ ಮಾತ್ರ ಹಾಕಿ. ಓದಲು ಬಾರದವರಿಗೆ ಮನೆಯವರು ಓದಿ ಹೇಳಬಹುದು, ಇಲ್ಲವೇ ಕಾಲೇಜಿನವರು ನವೆಂಬರ್ 10 ಮತ್ತು 17ರಂದು ಹಳೇ ಕಟ್ಟಡದ ಲೈಬ್ರರಿಯಲ್ಲಿ ಕೂತು ಓದಿ ಹೇಳುತ್ತಾರೆ. ಆಗ ಅವರು ನಿಮ್ಮ ಮುಖ ನೋಡುತ್ತಾರೆ ನಿಜ, ಹೆಸರು ಮಾತ್ರ ಕೇಳುವುದಿಲ್ಲ. ಮೇಸ್ತ್ರಿಯೋ ಸೂಪರ್‌ವೈಸರೋ ಎದುರು ನಿಂತು ತುಂಬಿಸುವಂತಿಲ್ಲ.

ಯಾರು ತುಂಬಿದರು, ಯಾರು ಬಿಟ್ಟರು ಎಂಬ ಪಟ್ಟಿಯೇ ಇಲ್ಲ. ಆದ್ದರಿಂದ ‘ನೀವಿನ್ನೂ ತುಂಬಿಲ್ಲವಂತೆ’ ಎಂದು ಯಾರಾದರೂ ಹೇಳಿದರೆ ಅದು ಊಹೆ ಅಷ್ಟೇ. ನೆನಪೋಲೆ ಒಂದೇ ಸಲ, ಎಲ್ಲರಿಗೂ ಒಟ್ಟಿಗೆ ಬರುತ್ತದೆ. ವಾರ್ಡಿನ ಇನ್‌ಚಾರ್ಜ್‌ಗಳು ಫಾರಂ ಹಂಚಿ, ತುಂಬಿಸಿ, ವಾಪಸು ಸಂಗ್ರಹಿಸುವುದು ಬೇಡ ಎಂದು ಬರಹದಲ್ಲೇ ತಿಳಿಸಿದ್ದೇವೆ.

ಇನ್ನು ಪ್ರಶ್ನೆಗಳು. ನಿಮ್ಮ ಬಗ್ಗೆ ಕೇಳುವ ಆ ಎರಡನ್ನು ಬಿಟ್ಟರೆ ಒಟ್ಟು 32. ಅವುಗಳಲ್ಲಿ 19 ಪ್ರಶ್ನೆ ಡೆನ್ಮಾರ್ಕಿನಲ್ಲಿ ಸಿದ್ಧವಾಗಿ 2005ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಬರ್ನ್‌ಔಟ್ ಇನ್ವೆಂಟರಿಯವು: 6 ಒಟ್ಟಾರೆ ದಣಿವಿನ ಬಗ್ಗೆ, 7 ಕೆಲಸದಿಂದ ಬರುವ ದಣಿವಿನ ಬಗ್ಗೆ, 6 ರೋಗಿಗಳೊಂದಿಗಿನ ಕೆಲಸದ ಬಗ್ಗೆ. ರೋಗಿಗಳ ಸಂಪರ್ಕವಿಲ್ಲದವರು ಕೊನೆಯ 6 ಬಿಡಬಹುದು. ಉಳಿದವುಗಳಲ್ಲಿ 12 ನಮ್ಮ ಆಸ್ಪತ್ರೆಯ ಕೆಲಸದ ಬಗ್ಗೆಯೇ ಇವೆ: ಕಳೆದ ತಿಂಗಳು ಎಷ್ಟು ಡಬಲ್ ಡ್ಯೂಟಿ, ತಪ್ಪಿದ ವಾರದ ರಜೆ ಎಷ್ಟು, ರಾತ್ರಿ ಪಾಳಿಯಲ್ಲಿ ಒಬ್ಬರ ಪಾಲಿಗೆ ಎಷ್ಟು ರೋಗಿಗಳು, ಊಟಕ್ಕೆ ಬಿಡುವು ಸಿಕ್ಕಿತೇ, ಇಂಡೆಂಟ್, ಪೋರ್ಟಲ್ ಎಂಟ್ರಿ, ಸ್ಯಾಂಪಲ್ ಒಯ್ಯುವುದು ಇವುಗಳಿಗೆ ಎಷ್ಟು ಹೊತ್ತು ಹೋಗುತ್ತದೆ, ರೋಗಿಗಳ ಕಡೆಯವರಿಂದ ಬೈಗುಳ, ಹಲ್ಲೆ ಆಗಿದೆಯೇ. ಕಡೆಯ ಪ್ರಶ್ನೆಯಲ್ಲಿ ನಿಮ್ಮ ಮಾತಿನಲ್ಲೇ ಬರೆಯಬಹುದು. ಅಲ್ಲಿ ರೋಗಿಯ ಹೆಸರು, ಐಪಿ ನಂಬರ್, ಘಟನೆಯ ದಿನಾಂಕ ಬರೆಯಬೇಡಿ. ನಿಮ್ಮನ್ನು ಗುರುತಿಸುವ ದಾರಿ ಹೆಚ್ಚಾಗಿ ಅಲ್ಲೇ ಇರುತ್ತದೆ. ಬರೆದದ್ದನ್ನು ಕಾಲೇಜಿನವರು ಟೈಪ್ ಮಾಡುವಾಗ ಗುರುತು ಸಿಗುವ ಸಾಲುಗಳನ್ನು ತೆಗೆದುಹಾಕುತ್ತಾರೆ.

ಬರ್ನ್‌ಔಟನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಐಸಿಡಿ-11 ಪಟ್ಟಿಯಲ್ಲಿ ಕಾಯಿಲೆ ಎಂದು ಕರೆದಿಲ್ಲ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದ ಪರಿಣಾಮ ಎಂದಿದೆ. ನಾವೂ ಹಾಗೆಯೇ ನೋಡುತ್ತೇವೆ. ಯಾರು ದುರ್ಬಲರು ಎಂದು ಹುಡುಕುವುದಲ್ಲ, ಕೆಲಸದ ವ್ಯವಸ್ಥೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ಇಲ್ಲಿನ ಕೆಲಸ. ಹೊರೆ ಇಲ್ಲದವರೂ ತುಂಬಿ. ಬೇಸತ್ತವರು ಮಾತ್ರ ತುಂಬಿದರೆ ‘ಗೊಣಗುವವರ ಅಂಕಿ’ ಎಂದು ತಳ್ಳಿಹಾಕುವುದು ಸುಲಭ.

ಫಲಿತಾಂಶವನ್ನು ಜನವರಿ 5, 2026ರಂದು ಎಲ್ಲ ನೋಟಿಸ್ ಬೋರ್ಡುಗಳಲ್ಲಿ ಹಾಕುತ್ತೇವೆ. ಆಡಳಿತಕ್ಕೆ ಅದೇ ಪ್ರತಿ, ಅದೇ ದಿನ. ಡ್ಯೂಟಿ ಚಾರ್ಟನ್ನು ಎಷ್ಟು ದಿನ ಮೊದಲು ಹಾಕಬೇಕು, ವಾರದ ರಜೆ, ಸ್ಯಾಂಪಲ್ ಯಾರು ಒಯ್ಯಬೇಕು ಇಂಥವನ್ನು ಆಸ್ಪತ್ರೆಯ ಮಟ್ಟದಲ್ಲೇ ಸರಿಪಡಿಸಬಹುದು. ಏನು ಮಾಡುತ್ತೇವೆ, ಏನು ಆಗುವುದಿಲ್ಲ, ಏಕೆ ಎಂಬ ಲಿಖಿತ ಉತ್ತರವನ್ನು ಜನವರಿ ಮುಗಿಯುವುದರೊಳಗೆ ಕೊಡಲು ಆಡಳಿತ ಒಪ್ಪಿದೆ. ಖಾಲಿ ಹುದ್ದೆ ತುಂಬುವುದು, ಸಂಬಳ ಹೆಚ್ಚಿಸುವುದು ಸರ್ಕಾರದ ಕೈಯಲ್ಲಿದೆ. ಅದರ ಭರವಸೆ ನಾವು ಕೊಡುವುದಿಲ್ಲ, ಅಂಕಿಗಳನ್ನು ಇಲಾಖೆಗೆ ಕಳಿಸುತ್ತೇವೆ.

ಹೆಸರಿಲ್ಲದ್ದರಿಂದ ಆಗುವ ತೊಂದರೆಯೂ ಉಂಟು. ಒಮ್ಮೆ ಕಳಿಸಿದ ಉತ್ತರವನ್ನು ವಾಪಸು ಪಡೆಯಲಾಗದು, ಯಾವುದು ನಿಮ್ಮದೆಂದು ನಮಗೇ ಗೊತ್ತಿರುವುದಿಲ್ಲ. ಯಾರಾದರೂ ತೀರಾ ಸಂಕಟದಲ್ಲಿದ್ದೇನೆ ಎಂದು ಬರೆದರೂ ನಾವು ಅವರನ್ನು ತಲುಪಲಾರೆವು. ಅಂಥ ಹೊತ್ತಿನಲ್ಲಿ ಫಾರಂ ನಂಬಿ ಕೂರಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ: ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಲೈಂಗಿಕ ಕಿರುಕುಳದ ದೂರನ್ನು ಆಂತರಿಕ ದೂರು ಸಮಿತಿಗೆ ಬರಹದಲ್ಲಿ ಕೊಡಿ. ಇಲ್ಲಿ ಬರೆದರೆ ಅದರ ಮೇಲೆ ತನಿಖೆ ನಡೆಸಲು ಬರುವುದಿಲ್ಲ.

ಸಂದೇಹಗಳಿದ್ದರೆ ನವೆಂಬರ್ 5ರ ಬುಧವಾರ ಮಧ್ಯಾಹ್ನ 2.15ಕ್ಕೆ ಮತ್ತು ರಾತ್ರಿ 8.15ಕ್ಕೆ, ಪಾಳಿ ಬದಲಾದ ಕೂಡಲೇ, ಹಳೇ ಕಟ್ಟಡದ ಲೈಬ್ರರಿಗೆ ಬನ್ನಿ. ಕಾಲೇಜಿನವರು ಇರುತ್ತಾರೆ, ಅಧಿಕಾರಿಗಳು ಇರುವುದಿಲ್ಲ, ಹಾಜರಿ ಹಾಕುವುದಿಲ್ಲ.

ವಂದನೆಗಳೊಂದಿಗೆ,
ಸಿಬ್ಬಂದಿ ಕ್ಷೇಮ ಸಮಿತಿ
ಜಿಲ್ಲಾ ಆಸ್ಪತ್ರೆ