ಒಂದೇ ಸಾಲಿನಿಂದ ಹೊರಬಂದ ಎರಡು ಕಾರು: ಅರಿವು, ಸಾಹಚರ್ಯ ಮತ್ತು ನಿಷ್ಠೆ ಬ್ರ್ಯಾಂಡ್ ಈಕ್ವಿಟಿಯನ್ನು ಕಟ್ಟುವ ಬಗೆ

ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಪಾಲುದಾರಿಕೆಯಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಒಂದು ಕಾರ್ಖಾನೆ ನಡೆಸುತ್ತಿದ್ದವು. 1990ರ ದಶಕದಲ್ಲಿ ಅಲ್ಲಿ ಟೊಯೋಟಾ ಕೊರೊಲ್ಲಾ ಮತ್ತು ಜಿಯೋ ಪ್ರಿಜ್ಮ್ ಎಂಬ ಎರಡು ಕಾರುಗಳು ತಯಾರಾಗುತ್ತಿದ್ದವು. ಹೊರಮೈಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಒಳಗೆ ಎರಡೂ ಬಹುತೇಕ ಒಂದೇ ಕಾರು, ಜೋಡಿಸುತ್ತಿದ್ದ ಕೆಲಸಗಾರರೂ ಅವರೇ. ಹೀಗಿದ್ದೂ ಕೊರೊಲ್ಲಾಗೆ ಬೆಲೆ ಹೆಚ್ಚು, ಮಾರಾಟ ಬಹಳ ಹೆಚ್ಚು, ಹಳೆಯದಾದ ಮೇಲೂ ಮರುಮಾರಾಟದಲ್ಲಿ ಮೌಲ್ಯ ಹೆಚ್ಚು. ಕಬ್ಬಿಣದಲ್ಲಿ ಇಲ್ಲದ ಈ ವ್ಯತ್ಯಾಸ ಎಲ್ಲಿತ್ತು? ಕೊಳ್ಳುವವರ ತಲೆಯಲ್ಲಿತ್ತು. ಆ ವ್ಯತ್ಯಾಸವನ್ನೇ ಮಾರುಕಟ್ಟೆ ಶಾಸ್ತ್ರ ಬ್ರ್ಯಾಂಡ್ ಈಕ್ವಿಟಿ ಎಂದು ಕರೆಯುತ್ತದೆ.

ಹೆಸರೊಂದು ಉತ್ಪನ್ನಕ್ಕೆ ಕೂಡಿಸುವ ಹೆಚ್ಚುವರಿ ಮೌಲ್ಯವೇ ಬ್ರ್ಯಾಂಡ್ ಈಕ್ವಿಟಿ ಎಂದು ಪೀಟರ್ ಫಾರ್ಕ್ಹರ್ 1989ರಲ್ಲಿ ಹೇಳಿದರು. ಕೆವಿನ್ ಲೇನ್ ಕೆಲ್ಲರ್ 1993ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ಅವರ ಪ್ರಕಾರ, ಬ್ರ್ಯಾಂಡ್ ಬಗ್ಗೆ ಗ್ರಾಹಕನಿಗೆ ಇರುವ ತಿಳಿವಳಿಕೆಯಿಂದಾಗಿ ಅದರ ಬೆಲೆ, ಜಾಹೀರಾತು, ಉತ್ಪನ್ನಗಳಿಗೆ ಅವನು ತೋರುವ ಪ್ರತಿಕ್ರಿಯೆಯಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆಯೋ ಅದೇ ಗ್ರಾಹಕ ಮೂಲದ ಬ್ರ್ಯಾಂಡ್ ಈಕ್ವಿಟಿ. ಇಲ್ಲಿ ತೂಕ ಇರುವುದು ‘ವ್ಯತ್ಯಾಸ’ ಎಂಬ ಪದಕ್ಕೆ. ಒಂದು ಹೆಸರನ್ನು ಜನ ಮೆಚ್ಚುತ್ತಾರೆ ಎನ್ನುವುದಷ್ಟೇ ಸಾಲದು. ಅದೇ ವಸ್ತು ಹೆಸರಿಲ್ಲದೆ ಬಂದಿದ್ದರೆ ಏನಾಗುತ್ತಿತ್ತು ಎಂಬುದರ ಜೊತೆ ಹೋಲಿಸಿದಾಗಲೇ ಈಕ್ವಿಟಿ ಕಣ್ಣಿಗೆ ಬೀಳುತ್ತದೆ. ಹೋಲಿಕೆಯಲ್ಲಿ ಹೆಸರಿಲ್ಲದ ವಸ್ತುವೇ ಗೆದ್ದರೆ ಈಕ್ವಿಟಿ ಋಣಾತ್ಮಕ. ಅಂಥ ಹೆಸರುಗಳೂ ಇರುತ್ತವೆ.

ಡೇವಿಡ್ ಆಕರ್ 1991ರಲ್ಲಿ ಬ್ರ್ಯಾಂಡ್ ಈಕ್ವಿಟಿಗೆ ಐದು ಆಧಾರಗಳನ್ನು ಗುರುತಿಸಿದರು: ನಿಷ್ಠೆ, ಅರಿವು, ಗ್ರಹಿಸಿದ ಗುಣಮಟ್ಟ, ಸಾಹಚರ್ಯಗಳು, ಜೊತೆಗೆ ಪೇಟೆಂಟ್, ಟ್ರೇಡ್‌ಮಾರ್ಕ್‌ನಂಥ ಇತರ ಸ್ವತ್ತುಗಳು. ಈ ಪ್ರಬಂಧ ಅವುಗಳಲ್ಲಿ ಮೂರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಗ್ರಹಿಸಿದ ಗುಣಮಟ್ಟವೂ ಕೊನೆಗೆ ಮನಸ್ಸಿನಲ್ಲಿ ಹೆಸರಿಗೆ ಅಂಟಿಕೊಂಡ ಒಂದು ಭಾವನೆಯೇ ಆದ್ದರಿಂದ ಅದನ್ನು ಸಾಹಚರ್ಯದೊಳಗೆ ಸೇರಿಸಿದ್ದೇನೆ. ಟ್ರೇಡ್‌ಮಾರ್ಕ್ ಈಕ್ವಿಟಿಗೆ ಬೇಲಿಯಾಗಿ ನಿಲ್ಲುತ್ತದೆ, ಬೇಲಿಯಿಂದ ಬೆಳೆ ಬರುವುದಿಲ್ಲ. ನನ್ನ ವಾದ ಇಷ್ಟು: ಪಠ್ಯಗಳು ಈ ಮೂರನ್ನು ಸಾಲಾಗಿ ನಿಲ್ಲಿಸಿದ ಕಂಬಗಳಂತೆ ಚಿತ್ರಿಸುತ್ತವೆ, ಆದರೆ ಅವು ಒಂದರ ಮೇಲೊಂದು ನಿಂತಿವೆ. ಕೆಳಗಿನದು ಇಲ್ಲದೆ ಮೇಲಿನದು ಏಳುವುದಿಲ್ಲ. ಕೆಳಗಿನದು ಇದ್ದ ಮಾತ್ರಕ್ಕೆ ಮೇಲಿನದು ತಾನಾಗಿ ಏಳುವುದೂ ಇಲ್ಲ.

ಅರಿವು

ಬ್ರ್ಯಾಂಡ್ ಅರಿವಿನಲ್ಲಿ ಎರಡು ಬಗೆ. ಹೆಸರನ್ನೋ ಪೊಟ್ಟಣವನ್ನೋ ಕಂಡಾಗ ‘ಇದು ನನಗೆ ಗೊತ್ತು’ ಅನ್ನಿಸಿದರೆ ಅದು ಗುರುತಿಸುವಿಕೆ. ಏನೂ ಕಣ್ಣಮುಂದೆ ಇಲ್ಲದಿರುವಾಗ, ಅಗತ್ಯವೊಂದು ಎದುರಾದ ಕೂಡಲೇ ಹೆಸರು ತಾನಾಗಿ ಮನಸ್ಸಿಗೆ ಬಂದರೆ ಅದು ಸ್ಮರಣೆ. ಯಾವುದು ಮುಖ್ಯ ಎನ್ನುವುದನ್ನು ಖರೀದಿ ನಡೆಯುವ ಸಂದರ್ಭ ತೀರ್ಮಾನಿಸುತ್ತದೆ. ಅಂಗಡಿಯ ಕಪಾಟಿನ ಮುಂದೆ ನಿಂತು ಸಾಬೂನು ಆರಿಸುವವರಿಗೆ ಗುರುತಿಸುವಿಕೆ ಸಾಕು. ವಿಮೆ ಮಾಡಿಸಬೇಕು, ಮನೆ ಸಾಮಾನು ಸಾಗಿಸಬೇಕು ಎಂದುಕೊಂಡವರ ಮುಂದೆ ಕಪಾಟು ಇರುವುದಿಲ್ಲ. ಅಲ್ಲಿ ನೆನಪಿಗೆ ಬರದ ಹೆಸರು ಸ್ಪರ್ಧೆಯಲ್ಲೇ ಇಲ್ಲ.

ಇವೆರಡರ ನಡುವಿನ ಅಂತರ ಅಪಾಯದ ಸೂಚನೆಯೂ ಆಗಬಹುದು. ನೂರು ಜನರಲ್ಲಿ ತೊಂಬತ್ತು ಮಂದಿ ಒಂದು ಹೆಸರನ್ನು ಗುರುತಿಸುತ್ತಾರೆ, ಆದರೆ ಆ ಬಗೆಯ ಉತ್ಪನ್ನಗಳ ಹೆಸರು ಹೇಳಿ ಎಂದಾಗ ಹತ್ತೇ ಮಂದಿಗೆ ಅದು ನೆನಪಾಗುತ್ತದೆ ಎಂದಿಟ್ಟುಕೊಳ್ಳಿ. ಎಲ್ಲರೂ ಬಲ್ಲ, ಯಾರೂ ನೆನೆಯದ ಇಂಥ ಬ್ರ್ಯಾಂಡ್‌ಗಳು ಬೀಳುವ ಜಾಗವನ್ನು ಆಕರ್ ‘ಸ್ಮಶಾನ’ ಎಂಬ ಹೆಸರಿನಲ್ಲಿ ವಿವರಿಸುತ್ತಾರೆ. ಅಲ್ಲಿಂದ ಎದ್ದು ಬರುವುದು ಹೊಸ ಹೆಸರನ್ನು ಪರಿಚಯಿಸುವುದಕ್ಕಿಂತ ಕಷ್ಟವಾಗಬಹುದು, ಏಕೆಂದರೆ ಗೊತ್ತಿರುವ ಹೆಸರಿನ ಬಗ್ಗೆ ಹೊಸದೇನನ್ನೋ ಕೇಳುವ ಕುತೂಹಲ ಜನರಲ್ಲಿ ಉಳಿದಿರುವುದಿಲ್ಲ.

ಬರೀ ಪರಿಚಯಕ್ಕೇ ಎಷ್ಟು ಬಲವಿದೆ ಎಂಬುದನ್ನು ವೇಯ್ನ್ ಹೋಯರ್ ಮತ್ತು ಸ್ಟೀವನ್ ಬ್ರೌನ್ 1990ರಲ್ಲಿ ಕಡಲೆಕಾಯಿ ಬೆಣ್ಣೆಯ ಪ್ರಯೋಗದಲ್ಲಿ ತೋರಿಸಿದರು. ಮುಂದಿಟ್ಟ ಆಯ್ಕೆಗಳಲ್ಲಿ ಪರಿಚಿತ ಹೆಸರೊಂದು ಇದ್ದಾಗ ಹೆಚ್ಚಿನವರು ಅದನ್ನೇ ಆರಿಸಿದರು. ಉಳಿದವನ್ನು ಸವಿದು ನೋಡುವ ಗೋಜಿಗೂ ಅಷ್ಟಾಗಿ ಹೋಗಲಿಲ್ಲ. ಹಾಗಾಗಿ ಗುಣಮಟ್ಟದಲ್ಲಿ ಮೇಲಾದದ್ದು ಹಲವರ ಕೈತಪ್ಪಿತು. ಅಗ್ಗದ, ದಿನಬಳಕೆಯ ವಸ್ತುಗಳಲ್ಲಿ ಅರಿವೊಂದೇ ಈಕ್ವಿಟಿಯ ದೊಡ್ಡ ಪಾಲನ್ನು ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಕಂಡಿಲ್ಲ.

ಅರಿವು ಹದ ಮೀರುವುದೂ ಉಂಟು. ಹೆಸರು ಇಡೀ ವರ್ಗದ ಹೆಸರೇ ಆಗಿಬಿಟ್ಟರೆ ಒಡೆತನವೇ ಕೈಬಿಡುತ್ತದೆ. ‘ಆಸ್ಪಿರಿನ್’ ಹೆಸರಿನ ಮೇಲಿನ ಏಕಸ್ವಾಮ್ಯ ಅಮೆರಿಕದಲ್ಲಿ 1921ರ ನ್ಯಾಯಾಲಯದ ತೀರ್ಪಿನೊಂದಿಗೆ ಹೋಯಿತು.

ಸಾಹಚರ್ಯ

ಹೆಸರು ಗೊತ್ತಾದ ಮೇಲೆ ಅದರ ಜೊತೆ ಮನಸ್ಸಿಗೆ ಏನೆಲ್ಲ ಬರುತ್ತದೆಯೋ ಅದೆಲ್ಲವೂ ಸಾಹಚರ್ಯ. ಬಣ್ಣ, ವಾಸನೆ, ಬೆಲೆ, ಬಳಸುವ ಜನ, ಬಳಸುವ ಹೊತ್ತು, ಹಿಂದೆ ಆದ ಅನುಭವ, ಯಾರೋ ಹೇಳಿದ ಮಾತು. ನೆನಪನ್ನು ಗಂಟುಗಳಿರುವ ಬಲೆಯಂತೆ ಕಾಣುವ ಮನೋವಿಜ್ಞಾನದ ಮಾದರಿಯನ್ನು ಕೆಲ್ಲರ್ ಇಲ್ಲಿ ಬಳಸಿಕೊಳ್ಳುತ್ತಾರೆ. ಬ್ರ್ಯಾಂಡ್ ಹೆಸರು ಒಂದು ಗಂಟು. ಅದನ್ನು ಎಳೆದರೆ ಅದಕ್ಕೆ ಕಟ್ಟಿದ ಬೇರೆ ಗಂಟುಗಳೂ ಅಲುಗುತ್ತವೆ. ಅರಿವು ಮೊದಲ ಗಂಟನ್ನು ಹಾಕುತ್ತದೆ. ಅದಿಲ್ಲದೆ ಉಳಿದವನ್ನು ಕಟ್ಟಲು ಜಾಗವೇ ಇಲ್ಲ.

ಸಾಹಚರ್ಯ ಈಕ್ವಿಟಿಯಾಗಬೇಕಾದರೆ ಅದು ಗಟ್ಟಿಯಾಗಿರಬೇಕು, ಗ್ರಾಹಕನಿಗೆ ಹಿತವಾಗಿರಬೇಕು, ಬೇರೆಯವರಿಗೆ ಇಲ್ಲದ್ದಾಗಿರಬೇಕು. ಮೂರನೆಯ ಷರತ್ತಿನಲ್ಲೇ ಹೆಚ್ಚಿನ ಬ್ರ್ಯಾಂಡ್‌ಗಳು ಎಡವುತ್ತವೆ. ‘ಗುಣಮಟ್ಟ’, ‘ನಂಬಿಕೆ’, ‘ಕಾಳಜಿ’ ಎಂದು ಎಲ್ಲರೂ ಹೇಳಿದರೆ ಆ ಪದಗಳು ಯಾರಿಗೂ ಅಂಟುವುದಿಲ್ಲ. ವೋಲ್ವೊ ಹಿಡಿದ ದಾರಿ ಇದಕ್ಕೆ ವಿರುದ್ಧ. ಅಲ್ಲಿನ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಕಂಪನಿ 1959ರಲ್ಲಿ ಕಾರಿಗೆ ಅಳವಡಿಸಿತು, ಪೇಟೆಂಟನ್ನು ಬೇರೆ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಇಂದು ಆ ಬೆಲ್ಟ್ ಎಲ್ಲ ಕಾರುಗಳಲ್ಲೂ ಇದೆ, ಆದರೂ ‘ಸುರಕ್ಷತೆ’ ಎಂದಾಗ ಅನೇಕರಿಗೆ ನೆನಪಾಗುವುದು ವೋಲ್ವೊ. ಘೋಷಣೆಯಿಂದಲ್ಲ, ಕೃತ್ಯದಿಂದ ಬಂದ ಸಾಹಚರ್ಯವಾದ್ದರಿಂದ ಅದು ಇಷ್ಟು ಬಾಳಿಕೆ ಬಂತು ಎಂಬುದು ನನ್ನ ಅಭಿಪ್ರಾಯ.

ಸಾಹಚರ್ಯ ಕಂಪನಿಯ ಕೈಯಲ್ಲಿ ಎಷ್ಟು ಕಡಿಮೆ ಇದೆ ಎಂಬುದನ್ನು ಕೋಕಾ ಕೋಲಾ 1985ರಲ್ಲಿ ಕಲಿತ ಪಾಠ ಹೇಳುತ್ತದೆ. ಪೆಪ್ಸಿಯ ಒತ್ತಡದಲ್ಲಿದ್ದ ಕಂಪನಿ ಹೊಸ, ಹೆಚ್ಚು ಸಿಹಿಯಾದ ಪಾಕವನ್ನು ಸಿದ್ಧಪಡಿಸಿ ಸುಮಾರು 2 ಲಕ್ಷ ಜನರಿಗೆ ರುಚಿ ತೋರಿಸಿತು. ಫಲಿತಾಂಶ ಹೊಸದರ ಪರವಾಗಿತ್ತು. ಏಪ್ರಿಲ್ 23ರಂದು ಹಳೆಯದನ್ನು ನಿಲ್ಲಿಸಿ ಹೊಸದನ್ನು ತಂದಿತು. ಜನ ಸಿಟ್ಟಾದರು, ಹಳೆಯ ಬಾಟಲಿಗಳನ್ನು ಕೂಡಿಡತೊಡಗಿದರು, ದೂರುಗಳ ಮಳೆ ಸುರಿಯಿತು. 79 ದಿನಗಳಲ್ಲಿ ಹಳೆಯ ಪಾನೀಯ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮರಳಿತು. ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಅದು ನಾಲಿಗೆಯನ್ನಷ್ಟೇ ಕೇಳಿತ್ತು. ಬಾಲ್ಯ, ಹಬ್ಬ, ಗೆಳೆಯರ ಜೊತೆ ಕಳೆದ ಹೊತ್ತು, ‘ಇದು ನಮ್ಮದು’ ಎಂಬ ಭಾವ, ಇವೆಲ್ಲ ಆ ಹೆಸರಿಗೆ ಹೆಣೆದುಕೊಂಡಿದ್ದವು. ಲೇಬಲ್ ಇಲ್ಲದ ಲೋಟದಲ್ಲಿ ಅವು ಯಾವುವೂ ಇರಲಿಲ್ಲ. ಗಟ್ಟಿಯಾದ ಸಾಹಚರ್ಯ ಕಂಪನಿಗೆ ಆಸ್ತಿಯಾದಂತೆ ಅದರ ಕೈ ಕಟ್ಟುವ ಹಗ್ಗವೂ ಆಗುತ್ತದೆ ಎಂಬುದನ್ನು ಈ ಪ್ರಸಂಗದಷ್ಟು ಚೆನ್ನಾಗಿ ಬೇರಾವುದೂ ತೋರಿಸದು.

ನಿಷ್ಠೆ

ಮತ್ತೆ ಮತ್ತೆ ಕೊಳ್ಳುವುದೇ ನಿಷ್ಠೆ ಎಂದು ಎಣಿಸುವುದು ಈ ವಿಷಯದಲ್ಲಿ ಸಾಮಾನ್ಯ ತಪ್ಪು. ಬೇರೆ ಆಯ್ಕೆ ಇಲ್ಲದವನೂ ಮತ್ತೆ ಕೊಳ್ಳುತ್ತಾನೆ, ಬದಲಾಯಿಸುವ ಗೊಡವೆ ಬೇಡ ಎನ್ನುವವನೂ ಕೊಳ್ಳುತ್ತಾನೆ. ಅಲನ್ ಡಿಕ್ ಮತ್ತು ಕುನಾಲ್ ಬಸು 1994ರಲ್ಲಿ ಮನೋಭಾವ ಮತ್ತು ವರ್ತನೆಗಳನ್ನು ಬೇರ್ಪಡಿಸಿ ನೋಡಿದರು. ಎರಡೂ ಬಲವಾಗಿದ್ದರೆ ನಿಜವಾದ ನಿಷ್ಠೆ. ಕೊಳ್ಳುವುದು ಮಾತ್ರ ಇದ್ದು ಒಲವು ಇಲ್ಲದಿದ್ದರೆ ಅದು ತೋರಿಕೆಯ ನಿಷ್ಠೆ. ಪಕ್ಕದಲ್ಲಿ ಅಗ್ಗದ ಪ್ರತಿಸ್ಪರ್ಧಿ ಬಂದ ದಿನ ಅದು ಕರಗುತ್ತದೆ. ಒಲವಿದ್ದೂ ಕೊಳ್ಳಲಾಗದಿದ್ದರೆ ಅದು ಸುಪ್ತ ನಿಷ್ಠೆ, ಅಲ್ಲಿ ಸರಿಪಡಿಸಬೇಕಾದದ್ದು ಬೆಲೆ ಅಥವಾ ಪೂರೈಕೆ. ಎರಡೂ ಇಲ್ಲದವರನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. ಪಾಯಿಂಟ್ ಕಾರ್ಡ್, ರಿಯಾಯಿತಿಗಳಿಂದ ಉಳಿಸಿಕೊಂಡ ಗ್ರಾಹಕರ ಲೆಕ್ಕವನ್ನು ಈಕ್ವಿಟಿಯ ಲೆಕ್ಕಕ್ಕೆ ಸೇರಿಸುವ ಮೊದಲು ರಿಯಾಯಿತಿ ನಿಲ್ಲಿಸಿದರೆ ಎಷ್ಟು ಮಂದಿ ಉಳಿಯುತ್ತಾರೆ ಎಂದು ಕೇಳಿಕೊಳ್ಳಬೇಕು.

ನಿಷ್ಠೆಯ ಪರೀಕ್ಷೆ ಕೆಟ್ಟ ಕಾಲದಲ್ಲಿ. 1982ರಲ್ಲಿ ಶಿಕಾಗೊ ಪ್ರದೇಶದಲ್ಲಿ ಯಾರೋ ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಗಳಿಗೆ ಸಯನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ಮಾರಾಟ ಕುಸಿಯಿತು. ತಯಾರಕ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ಕರೆಸಿಕೊಂಡಿತು, ಯಾರಾದರೂ ತೆರೆದಿದ್ದರೆ ಕೂಡಲೇ ಗೊತ್ತಾಗುವ ಪೊಟ್ಟಣದಲ್ಲಿ ಮದ್ದನ್ನು ಮರಳಿ ತಂದಿತು. ಕಳೆದುಕೊಂಡ ಪಾಲಿನ ಬಹುಭಾಗ ಸುಮಾರು ಒಂದು ವರ್ಷದಲ್ಲಿ ಮರಳಿ ಬಂತು. ಹಿಂದೆ ಕೂಡಿಟ್ಟಿದ್ದ ನಂಬಿಕೆ ಜನರನ್ನು ಕಾಯುವಂತೆ ಮಾಡಿತು, ಆ ಹೊತ್ತಿನ ನಡವಳಿಕೆ ಕಾದವರನ್ನು ಉಳಿಸಿಕೊಂಡಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಆಂಡ್ರ್ಯೂ ಎಹ್ರೆನ್‌ಬರ್ಗ್ ಖರೀದಿಯ ದಾಖಲೆಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿ ಕಂಡ ನಿಯಮವೆಂದರೆ, ಸಣ್ಣ ಬ್ರ್ಯಾಂಡ್‌ಗೆ ಕೊಳ್ಳುವವರೂ ಕಡಿಮೆ, ಆ ಕಡಿಮೆ ಜನ ಕೊಳ್ಳುವ ಸಲವೂ ಸ್ವಲ್ಪ ಕಡಿಮೆ. ಇದಕ್ಕೆ ‘ಇಮ್ಮಡಿ ಪೆಟ್ಟು’ ಎನ್ನಬಹುದು. ಹಾಗಾದರೆ ನಿಷ್ಠೆ ಗಾತ್ರದ ನೆರಳಷ್ಟೇ ಎಂದು ಕೆಲವರು ವಾದಿಸುತ್ತಾರೆ. ದಿನಬಳಕೆಯ ವಸ್ತುಗಳ ಮಟ್ಟಿಗೆ ಈ ವಾದಕ್ಕೆ ಬಲವಿದೆ ಎಂದು ಒಪ್ಪುತ್ತೇನೆ. ಅದು ಈ ಪ್ರಬಂಧದ ಕ್ರಮವನ್ನು ಗಟ್ಟಿಗೊಳಿಸುತ್ತದೆಯೇ ಹೊರತು ಮುರಿಯುವುದಿಲ್ಲ: ಅರಿವು ಅಗಲವಾಗದೆ ನಿಷ್ಠೆಯನ್ನು ಮಾತ್ರ ಆಳವಾಗಿಸಲು ಹೊರಟರೆ ಹಣ ವ್ಯರ್ಥ. ಆದರೆ ಕೊರೊಲ್ಲಾ ಮತ್ತು ಟೈಲೆನಾಲ್ ಪ್ರಸಂಗಗಳನ್ನು ಬರೀ ಗಾತ್ರದಿಂದ ವಿವರಿಸಲಾಗದು. ಹೆಚ್ಚಿನ ಬೆಲೆ ತೆರುವುದಕ್ಕೂ, ದುರಂತದ ನಂತರ ಮರಳಿ ಬರುವುದಕ್ಕೂ ಅರ್ಥ ತುಂಬಿದ ನೆನಪು ಬೇಕು. ಹಾಗೆ ಮರಳಿ ಬಂದವರ ಮಾತಿನಿಂದ ಹೊಸಬರಿಗೆ ಹೆಸರು ತಿಳಿಯುತ್ತದೆ, ಅವರ ಅನುಭವ ಹೊಸ ಸಾಹಚರ್ಯವಾಗುತ್ತದೆ. ಮೇಲಿನ ಅಂತಸ್ತು ಕೆಳಗಿನದಕ್ಕೆ ಬಲ ಕೊಡುವುದು ಹೀಗೆ.

ಅಳೆಯುವ ಬಗೆ

ಸರಳ ವಿಧಾನ ಹೆಸರನ್ನು ಮುಚ್ಚಿ ನೋಡುವುದು. 1964ರಲ್ಲಿ ಆಲಿಸನ್ ಮತ್ತು ಉಲ್ ಲೇಬಲ್ ಕಿತ್ತ ಬಿಯರ್ ಕೊಟ್ಟಾಗ ಕುಡಿಯುವವರಿಗೆ ತಮ್ಮ ಮೆಚ್ಚಿನ ಬ್ರ್ಯಾಂಡನ್ನು ಬೇರ್ಪಡಿಸಿ ಗುರುತಿಸಲಾಗಲಿಲ್ಲ. ಲೇಬಲ್ ಸಮೇತ ಕೊಟ್ಟಾಗ ತಮ್ಮದಕ್ಕೇ ಹೆಚ್ಚು ಅಂಕ ಕೊಟ್ಟರು. ಎರಡೂ ಸಲ ಕೊಟ್ಟ ಅಂಕಗಳ ನಡುವಿನ ಅಂತರವೇ ಆ ಹೆಸರಿನ ಗಳಿಕೆ.

ಲೆಕ್ಕಪತ್ರದಲ್ಲಿ ಈ ಗಳಿಕೆಗೆ ಜಾಗವಿಲ್ಲ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 38ರ ಪ್ರಕಾರ ಕಂಪನಿ ತಾನೇ ಬೆಳೆಸಿದ ಬ್ರ್ಯಾಂಡನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಇನ್ನೊಂದು ಕಂಪನಿಯನ್ನು ಕೊಂಡಾಗ ಜೊತೆಗೆ ಬಂದ ಬ್ರ್ಯಾಂಡನ್ನು ತೋರಿಸಬಹುದು. ಹೀಗಾಗಿ ಜಾಹೀರಾತಿಗೆ ಕತ್ತರಿ ಹಾಕಿದ ವ್ಯವಸ್ಥಾಪಕನ ಲಾಭ ಆ ತ್ರೈಮಾಸಿಕದಲ್ಲೇ ಏರುತ್ತದೆ, ಆತ ಸವೆಸಿದ ಈಕ್ವಿಟಿ ಯಾವ ಪುಟದಲ್ಲೂ ಕಾಣುವುದಿಲ್ಲ. ಸ್ಮರಣೆಯ ಪ್ರಮಾಣ, ಮೊದಲು ಮನಸ್ಸಿಗೆ ಬರುವ ಮೂರು ಸಾಹಚರ್ಯಗಳು, ಪ್ರತಿಸ್ಪರ್ಧಿಗಿಂತ ಎಷ್ಟು ಹೆಚ್ಚು ಬೆಲೆಯಾದರೂ ಗ್ರಾಹಕ ಬಿಟ್ಟುಹೋಗುವುದಿಲ್ಲ ಎಂಬ ಅಂಕಿ, ಈ ಮೂರನ್ನು ಪ್ರತಿ ವರ್ಷ ಒಂದೇ ಪ್ರಶ್ನಾವಳಿಯಿಂದ ಕೇಳಿ ಲಾಭ ನಷ್ಟದ ಪಟ್ಟಿಯ ಪಕ್ಕದಲ್ಲೇ ಆಡಳಿತ ಮಂಡಳಿಯ ಮುಂದಿಡಬೇಕು ಎಂದು ಸೂಚಿಸುತ್ತೇನೆ.