ವಾಸುದೇವ (1946–2024): ನಮ್ಮ ಅಪ್ಪನ ನೆನಪಿನ ಪುಟ

ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದಾಗ ಅಪ್ಪನಿಗೆ ಹದಿನೇಳು ವರ್ಷ. ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತ ಅಕ್ಷರಗಳನ್ನು ಅವರು ಅಚ್ಚಾದ ಪುಟದಷ್ಟೇ ಸಲೀಸಾಗಿ ಓದುತ್ತಿದ್ದರು. ಕನ್ನಡದಲ್ಲಿ ಒತ್ತಕ್ಷರಕ್ಕೊಂದು ಮೊಳೆ, ಗುಣಿತಾಕ್ಷರಕ್ಕೊಂದು ಮೊಳೆ. ಒಂದು ಪುಟ ಸಿದ್ಧವಾಗಲು ಎಷ್ಟೊಂದು ಖಾನೆಗಳಿಗೆ ಕೈ ಹೋಗಬೇಕು! ಅಪ್ಪ ಖಾನೆಯತ್ತ ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಬೆರಳು ಮೊಳೆಯ ಮೇಲೆ.

ಕಂಪ್ಯೂಟರ್ ಬಂದು ಮೊಳೆಗಳು ಮೂಲೆ ಸೇರಿದಾಗ ಅವರಿಗೆ ನಲವತ್ತೈದು ದಾಟಿತ್ತು. ಜೊತೆಗಿದ್ದ ಹಲವರು ಬೇರೆ ಕೆಲಸ ಹುಡುಕಿಕೊಂಡರು. ಅಪ್ಪ ಕರಡು ತಿದ್ದಲು ಕುಳಿತರು. ಅವರು ತಿದ್ದಿದ ಪುಸ್ತಕಗಳಲ್ಲಿ ಎಲ್ಲಿಯೂ ಅವರ ಹೆಸರಿಲ್ಲ, ಅದರ ಬಗ್ಗೆ ಅವರಿಗೆ ಬೇಸರವೂ ಇರಲಿಲ್ಲ. ನಮಗೆ ಇದೆ. ಈ ಪುಟ ಮಾಡಿದ್ದಕ್ಕೆ ಅದೂ ಒಂದು ಕಾರಣ.

ಅಮ್ಮ ವಸಂತಾ, ಮಕ್ಕಳಾದ ನಾವಿಬ್ಬರು, ಮೂವರು ಮೊಮ್ಮಕ್ಕಳು ಅವರನ್ನು ಕಳೆದುಕೊಂಡಿದ್ದೇವೆ.

ಚಿತ್ರಗಳು

1968. ಮುದ್ರಣಾಲಯದಲ್ಲಿ, ಎಡದಿಂದ ಎರಡನೆಯವರು ಅಪ್ಪ. ಉಳಿದವರ ಹೆಸರು ನಮಗೆ ಗೊತ್ತಿಲ್ಲ. ನಿಮಗೆ ಗುರುತು ಸಿಕ್ಕರೆ ದಯವಿಟ್ಟು ತಿಳಿಸಿ.

1974. ಮದುವೆಯ ಮರುದಿನ. ಅಮ್ಮ ನಗುತ್ತಿದ್ದಾರೆ, ಅಪ್ಪ ಕ್ಯಾಮೆರಾಕ್ಕೆ ಹೆದರಿದ್ದಾರೆ.

ಸುಮಾರು 1990. ಮಗಳ ಶಾಲೆಯ ಪ್ರಬಂಧವನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿರುವುದು. ಆ ಹಾಳೆ ಇಂದಿಗೂ ನಮ್ಮಲ್ಲಿದೆ.

2023. ಕಿರಿಯ ಮೊಮ್ಮಗನಿಗೆ ಭೂತಗನ್ನಡಿಯಲ್ಲಿ ಅಕ್ಷರ ತೋರಿಸುತ್ತಿರುವುದು. ಅವರು ಆರೋಗ್ಯವಾಗಿದ್ದಾಗ ತೆಗೆದ ಕೊನೆಯ ಚಿತ್ರ.

ನೆನಪು ಬರೆಯುವವರಿಗೆ

ಅಪ್ಪನನ್ನು ನೀವು ಎಲ್ಲಿ ಕಂಡಿರಿ, ಅವರು ಏನೆಂದರು, ಹೇಗೆ ಸಿಟ್ಟಾದರು ಎಂಬುದನ್ನು ಬರೆಯಿರಿ. ಅಲ್ಪವಿರಾಮದ ವಿಷಯದಲ್ಲಿ ಅವರೊಂದಿಗೆ ಜಗಳವಾಡಿದವರು ಬಹಳ ಮಂದಿ ಇದ್ದಾರೆ; ಅದನ್ನೂ ಬರೆಯಿರಿ, ನಮಗೆ ಅಂಥವೇ ಬೇಕು. ಎರಡೇ ಸಾಲಾದರೂ ಸಾಕು. ಏನೂ ತೋಚದಿದ್ದರೆ ನಿಮ್ಮ ಹೆಸರು ಮಾತ್ರ ಹಾಕಿ. ನೀವು ಬಂದು ಹೋದಿರೆಂದು ಅಮ್ಮನಿಗೆ ತಿಳಿಯುತ್ತದೆ. ಅವರು ಪ್ರತಿಯೊಂದನ್ನೂ ಓದಿಸಿಕೊಂಡು ಕೇಳುತ್ತಾರೆ.

ಹಾಗಾಗಿಯೇ ಕೆಲವು ಕೋರಿಕೆಗಳು. ಕಾಯಿಲೆಯ ವಿವರ, ಚಿಕಿತ್ಸೆ ಹೀಗಾಗಬೇಕಿತ್ತು ಎಂಬ ಮಾತು ಇಲ್ಲಿ ಬೇಡ. ಆ ಪ್ರಶ್ನೆಗಳನ್ನು ನಾವು ದಿನವೂ ಕೇಳಿಕೊಂಡಿದ್ದೇವೆ. ಆಸ್ಪತ್ರೆಯಲ್ಲಿ ತೆಗೆದ ಚಿತ್ರಗಳನ್ನು ಹಾಕಬೇಡಿ. ಬೇರೆಯವರಿರುವ ಹಳೆಯ ಚಿತ್ರವಾದರೆ ಅವರನ್ನು ಒಂದು ಮಾತು ಕೇಳಿ ಕಳುಹಿಸಿ. ದೂರವಾಣಿ ಸಂಖ್ಯೆ, ಮನೆ ವಿಳಾಸ ಬರೆಯಬೇಡಿ. ಅಪ್ಪನ ಹೆಸರಿನಲ್ಲಿ ನಾವು ಯಾರಿಂದಲೂ ಹಣ ಕೇಳಿಲ್ಲ, ಕೇಳುವುದೂ ಇಲ್ಲ. ಯಾರಾದರೂ ಕೇಳಿದರೆ ಕೊಡದೆ ನಮಗೆ ತಿಳಿಸಿ.

ಬರೆದದ್ದನ್ನು ನಾವಿಬ್ಬರೂ ಓದಿದ ಮೇಲೆಯೇ ಪ್ರಕಟಿಸುತ್ತೇವೆ, ಒಂದೆರಡು ದಿನ ತಡವಾಗಬಹುದು. ನೋಯಿಸುವ ಮಾತನ್ನು ಬಿಟ್ಟರೆ ಬೇರೇನನ್ನೂ ತೆಗೆಯುವುದಿಲ್ಲ. ಕಾಗುಣಿತ ತಪ್ಪೀತೆಂದು ಯಾರೂ ಹಿಂಜರಿಯಬೇಡಿ. ನಮ್ಮ ಬರಹದಲ್ಲಿ ಇಸವಿ ತಪ್ಪಿದ್ದರೆ ಮಾತ್ರ ಖಂಡಿತ ಹೇಳಿ, ತಿದ್ದುತ್ತೇವೆ. ನೀವು ಬರೆದದ್ದನ್ನು ಮುಂದೆಂದಾದರೂ ತೆಗೆಸಬೇಕೆನಿಸಿದರೆ ಇಲ್ಲಿಯೇ ಒಂದು ಸಾಲು ಬರೆಯಿರಿ. ಕಾರಣ ಕೇಳದೆ ತೆಗೆಯುತ್ತೇವೆ.