ಮೈನ್‌ಕ್ರಾಫ್ಟ್: ಎಂಡರ್ ಡ್ರ್ಯಾಗನ್ ಬೇಟೆ (ನಿರೂಪಣೆಯ ಪ್ರತಿ)

00:00 – ಪೋರ್ಟಲ್ ಅಂಚು
ವಿಜಯಪುರದಿಂದ ನಮಸ್ಕಾರ. ಈ ಪೋರ್ಟಲ್ ದಾಟಿ ಡ್ರ್ಯಾಗನ್ ಇರುವ ಎಂಡ್ ಲೋಕಕ್ಕೆ ಕಾಲಿಟ್ಟ ಮೇಲೆ ಹೊರಬರಲು ಎರಡೇ ದಾರಿ: ಡ್ರ್ಯಾಗನ್ ಸಾಯಬೇಕು, ಇಲ್ಲವೇ ನಾವು. ಚೀಲ ನೋಡಿಕೊಳ್ಳಿ. ಬಿಲ್ಲು, ಬೇಕಾದಷ್ಟು ಬಾಣ, ಕತ್ತಿ, ಪಿಕಾಸಿ, ಒಂದು ಬಕೆಟ್ ನೀರು, ಬೇಯಿಸಿದ ಮಾಂಸ. ಜೋಳದ ರೊಟ್ಟಿ ಈ ಆಟದಲ್ಲಿಲ್ಲ. ಮಾಡಿದವರು ನಮ್ಮ ಕಡೆ ಬಂದಿರಲಿಕ್ಕಿಲ್ಲ.

00:45 – ಜಿಗಿತ
[ಮೌನ. ಡ್ರ್ಯಾಗನ್‌ನ ಮೊದಲ ಕೂಗು ಪೂರ್ತಿ ಕೇಳಲಿ.]

01:00
ಈ ಕಪ್ಪು ಉದ್ದನೆಯವರು ಎಂಡರ್‌ಮ್ಯಾನ್‌ಗಳು. ಕಣ್ಣಿಗೆ ಕಣ್ಣು ಕೊಟ್ಟರೆ ಮೈಮೇಲೆ ಬೀಳುತ್ತಾರೆ. ಕೆತ್ತಿದ ಕುಂಬಳಕಾಯಿ ತಲೆಗೇರಿಸಿದರೆ ಸಿಟ್ಟಾಗುವುದಿಲ್ಲ, ಆದರೆ ಅರ್ಧ ಪರದೆ ಮುಚ್ಚಿಹೋಗುತ್ತದೆ. ನಾನು ಸಾಲ ಬಾಕಿಯಿರುವ ಕಿರಾಣಿ ಅಂಗಡಿಯ ಮುಂದೆ ಹೋಗುವಂತೆ ತಲೆ ತಗ್ಗಿಸಿ ನಡೆಯುತ್ತೇನೆ. ಬೆನ್ನು ಹತ್ತಿದರೆ ಕಾಲಬುಡದಲ್ಲಿ ನೀರು ಸುರಿಯಿರಿ, ಹತ್ತಿರ ಬರುವುದಿಲ್ಲ.

01:50 – ಹರಳುಗಳು
ಹತ್ತು ಕಂಬ, ಪ್ರತಿಯೊಂದರ ತುದಿಯಲ್ಲೂ ಒಂದು ಹರಳು. ಡ್ರ್ಯಾಗನ್‌ಗೆ ಜೀವ ತುಂಬುತ್ತಿರುವುದು ಇವೇ. ಇವು ಉಳಿದಿರುವಾಗ ಅದಕ್ಕೆ ಹೊಡೆದ ಬಾಣ ದಂಡ. ಬಾಣ ದೂರ ಹೋದಷ್ಟೂ ಬಾಗುತ್ತದೆ, ಗುರಿ ಸ್ವಲ್ಪ ಮೇಲಿರಲಿ. ಇನ್ನೊಂದು ಉಪಾಯ: ಹರಳಿನ ಕಿರಣ ಡ್ರ್ಯಾಗನ್‌ಗೆ ತಗುಲಿರುವಾಗಲೇ ಒಡೆದರೆ ಅದಕ್ಕೂ ಪೆಟ್ಟು ಬೀಳುತ್ತದೆ. ಕಾದು ಹೊಡೆಯಿರಿ.

03:40 – ಪಂಜರದ ಕಂಬ
ಎರಡು ಹರಳುಗಳಿಗೆ ಕಬ್ಬಿಣದ ಸರಳಿನ ಕಾವಲಿದೆ, ಹತ್ತಲೇಬೇಕು. ಗೋಳಗುಮ್ಮಟದ ಮೆಟ್ಟಿಲು ಹತ್ತಿದವರಿಗೆ ಇದು ಯಾವ ಲೆಕ್ಕ? [ಮೇಲೇರಿದಂತೆ ದನಿ ತಗ್ಗಲಿ.] ಸರಳು ಒಡೆದೆ. ಹರಳು ಸಿಡಿಯುತ್ತದೆ, ಪಕ್ಕದಲ್ಲಿ ನಿಲ್ಲಬಾರದು. ಡ್ರ್ಯಾಗನ್ ಎಲ್ಲಿ... ಹಿಂದೆ.

[ಮೌನ. ಡಿಕ್ಕಿ, ಬೀಳುವುದು, ನೀರು ಸುರಿಯುವ ಸದ್ದು. ನೆಲ ಮುಟ್ಟಿದ ಮೇಲೆ ಒಂದು ಉಸಿರು.]

ನೀರು ಮೊದಲು, ನಾನು ಆಮೇಲೆ. ಅದಲುಬದಲಾಗಿದ್ದರೆ ವಿಡಿಯೊ ಇಲ್ಲಿಗೇ ಮುಗಿಯುತ್ತಿತ್ತು.

06:10 – ಡ್ರ್ಯಾಗನ್ ಇಳಿದಾಗ
ಹರಳುಗಳೆಲ್ಲ ಮುಗಿದವು. ನಡುವಿನ ಕಟ್ಟೆಯ ಮೇಲೆ ಕುಳಿತಾಗ ಬಾಣ ನಾಟುವುದಿಲ್ಲ, ಕತ್ತಿಯೇ ಗತಿ. ತಲೆಗೇ ಹೊಡೆಯಿರಿ, ಬೇರೆಡೆ ಪೆಟ್ಟು ಅರೆಬರೆ. ನೇರಳೆ ಹೊಗೆ ಬಿಟ್ಟರೆ ಪಕ್ಕಕ್ಕೆ ಸರಿಯಿರಿ. ಕೆಲವರು ಇಲ್ಲಿ ಹಾಸಿಗೆಯನ್ನೇ ಬಾಂಬು ಮಾಡಿಕೊಳ್ಳುತ್ತಾರೆ, ಮಲಗಲು ಹೋದರೆ ಸಿಡಿಯುತ್ತದೆ.

ತಮ್ಮ (ಹಿಂದಿನಿಂದ): ಅಣ್ಣಾ, ಒಮ್ಮೆ ಮಲಗಿ ನೋಡು.
ನಾನು: ಮೊದಲು ನೀನು ಮಲಗು, ಗಂಟೆ ಹನ್ನೊಂದಾಯಿತು.

08:05 – ಕೊನೆಯ ಪೆಟ್ಟು
[ಹತ್ತು ಸೆಕೆಂಡು ಮೌನ. ಬೆಳಕು ಸೀಳಿ ಬರುವಾಗ ತಮ್ಮನಿಗೂ ಬಾಯಿ ಬಿಡಲು ಅನುಮತಿ ಇಲ್ಲ.]

08:20
12,000 ಅನುಭವದ ಅಂಕ! ಇದು ಮೊದಲ ಬೇಟೆಗೆ ಮಾತ್ರ, ಮತ್ತೆ ಕೊಂದರೆ ಇಷ್ಟು ಸಿಗುವುದಿಲ್ಲ. ಡ್ರ್ಯಾಗನ್ ಸತ್ತ ಮೇಲೆ ನಡುವಿನ ಕಟ್ಟೆಯ ಮೇಲೆ ಕಾಣಿಸುವ ಮೊಟ್ಟೆಯನ್ನು ಕೈಯಿಂದ ಮುಟ್ಟಿದರೆ ಬೇರೆಲ್ಲೋ ಹಾರುತ್ತದೆ. ಪಿಸ್ಟನ್‌ನಿಂದ ತಳ್ಳಿ, ಕಳಚಿ ಬಿದ್ದದ್ದನ್ನು ಎತ್ತಿಕೊಳ್ಳಿ. ಪೋರ್ಟಲ್ ದಾಟಿದ ಮೇಲೆ ಪರದೆಯಲ್ಲಿ ಬರುವ ಬರಹವನ್ನು ನೀವೇ ಓದಿ, ನಾನು ಅಡ್ಡ ಬರುವುದಿಲ್ಲ. ಮುಂದಿನ ಸಲ ರೆಕ್ಕೆ ಹುಡುಕಲು ಎಂಡ್ ಸಿಟಿಗೆ ಹೋಗೋಣ, ಬಾಣ ಉಳಿದಿದ್ದರೆ.